ಮೊಳಕೆ ಬಂದ ಬಟಾಟೆಯನ್ನು ಬಡಿಸಬಹುದೇ? ನಮ್ಮ ಮೆಸ್ ಸಮಿತಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಹಾಸ್ಟೆಲ್ ಮೆಸ್ ಸಮಿತಿ.

ಮಾನ್ಯರೇ,

ಓಣಂ ರಜೆ ಮುಗಿದು ಹಾಸ್ಟೆಲ್ ತೆರೆದ ವಾರದಲ್ಲಿ ನಮ್ಮ ಮೆಸ್ಸಿನಲ್ಲಿ ಮೂರು ಸಲ ಬಟಾಟೆ ಬಡಿಸಲಾಯಿತು. ಸೋಮವಾರ ಬೆಳಗ್ಗೆ ಪೂರಿಗೆ ಬಾಜಿ, ಬುಧವಾರ ಮಧ್ಯಾಹ್ನ ಸಾಂಬಾರಿನಲ್ಲಿ ಹೋಳು, ಗುರುವಾರ ಸಂಜೆ ಚಹಾದ ಜೊತೆ ಪೋಡಿ. ಮೂರಕ್ಕೂ ಬಂದದ್ದು ಒಂದೇ ಗೋಣಿಯ ಬಟಾಟೆ. ರಜೆಗೆ ಮೊದಲೇ ತಂದು, ಅರ್ಧ ಖರ್ಚಾಗಿ, ಬಾಯಿ ತೆರೆದೇ ಉಗ್ರಾಣದಲ್ಲಿ ಉಳಿದಿದ್ದ ಗೋಣಿ ಅದು. ಬಾಜಿಯಲ್ಲಿ ಹಲವರ ತಟ್ಟೆಗೆ ಬೆರಳಿನ ಗೆಣ್ಣಿನಷ್ಟು ಉದ್ದದ, ಬುಡ ನೇರಳೆಯಾದ ಮೊಳಕೆಯ ತುಂಡುಗಳು ಬಿದ್ದಿದ್ದವು. ಸಾಂಬಾರಿನ ಹೋಳುಗಳಲ್ಲಿ ಸಿಪ್ಪೆ ಹಾಗೆಯೇ ಇತ್ತು. ಪೋಡಿಯ ಕೆಲವು ಬಿಲ್ಲೆಗಳನ್ನು ಮುರಿದಾಗ ಅಂಚಿನಲ್ಲಿ ಹಸಿರು ಗೆರೆ ಕಾಣುತ್ತಿತ್ತು.

ಬಡಿಸುವ ಕಿಟಕಿಯ ಹತ್ತಿರ ಈ ವಿಷಯ ಎತ್ತಿದವರಿಗೆ ಎರಡು ಉತ್ತರ ಸಿಕ್ಕಿತು. ಒಂದು, ಬೇಯಿಸಿದ ಮೇಲೆ ಏನೂ ಆಗುವುದಿಲ್ಲ ಎಂಬುದು. ಇನ್ನೊಂದು, ಮೊಳಕೆ ಬರಿಸಿದ ಹೆಸರುಕಾಳನ್ನು ನೀವೇ ಕೇಳಿ ತಿನ್ನುತ್ತೀರಿ, ಬಟಾಟೆಯ ಮೊಳಕೆಗೆ ಮಾತ್ರ ಯಾಕೆ ಹೆದರಿಕೆ ಎಂಬುದು. ಎರಡೂ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದವು. ಅಡುಗೆಯವರ ಮೇಲೆ ನನಗೆ ದೂರಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಒಲೆ ಹೊತ್ತಿಸುವವರಿಗೆ ಬಟಾಟೆ ಒಂದೊಂದನ್ನೂ ತಿರುಗಿಸಿ ನೋಡಿ ಎಂದು ಯಾರೂ ಹೇಳಿಕೊಟ್ಟಿಲ್ಲ, ಅದಕ್ಕೆ ಬೇಕಾದ ಬೆಳಕೂ ಸಮಯವೂ ಅವರಿಗಿಲ್ಲ. ಆದರೆ ಎರಡು ಉತ್ತರಗಳೂ ತಪ್ಪು. ಅವು ಯಾಕೆ ತಪ್ಪು, ಹಾಗಾದರೆ ಯಾವ ಬಟಾಟೆ ತಿನ್ನಬಹುದು, ಯಾವುದನ್ನು ಬಿಸಾಡಬೇಕು, ನಮ್ಮ ಅಡುಗೆಮನೆಯಲ್ಲಿ ಯಾವ ಹಂತ ಬದಲಾಗಬೇಕು ಎಂಬುದನ್ನು ಸಮಿತಿಯ ಮುಂದೆ ಬಿಡಿಸಿ ಇಡುವುದಕ್ಕಾಗಿ ಈ ಪತ್ರ. ಇದು ಎಲ್ಲರ ತಟ್ಟೆಯ ವಿಷಯವಾದ್ದರಿಂದ ದೂರು ಪುಸ್ತಕದಲ್ಲಿ ಒಂದು ಸಾಲು ಗೀಚದೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರುಕಾಳಿನ ಮಾತು. ಹೆಸರು, ಕಡಲೆ, ಹುರುಳಿ ಇವು ಬೀಜಗಳು. ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಾಗ ಬರುವ ಮೊಳಕೆಯಲ್ಲಿ ಬಟಾಟೆಯ ಮೊಳಕೆಯಲ್ಲಿರುವಂಥ ವಿಷ ಇಲ್ಲ. ಬಟಾಟೆ ಬೀಜವಲ್ಲ, ಮಣ್ಣಿನೊಳಗೆ ಊದಿಕೊಂಡ ಕಾಂಡ. ಅದರ ಮೈಮೇಲೆ ಕಾಣುವ ಕಣ್ಣುಗಳು ಕಾಂಡದ ಮೊಗ್ಗುಗಳು. ಬದನೆ, ಟೊಮೆಟೊ ಇರುವ ಕುಟುಂಬದ್ದೇ ಈ ಗಿಡ, ಕೀಟ ಮತ್ತು ಬೂಷ್ಟಿನಿಂದ ತನ್ನನ್ನು ಕಾಪಾಡಿಕೊಳ್ಳಲು ಕಹಿಯಾದ ಎರಡು ವಸ್ತುಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅವುಗಳ ಹೆಸರು ಸೊಲಾನಿನ್ ಮತ್ತು ಚಾಕೊನಿನ್. ಎರಡನ್ನೂ ಸೇರಿಸಿ ಗ್ಲೈಕೋಆಲ್ಕಲಾಯ್ಡ್ ಎನ್ನುತ್ತಾರೆ, ಇಲ್ಲಿ ನಾನು ಸುಲಭಕ್ಕೆ ಸೊಲಾನಿನ್ ಎಂದೇ ಬರೆಯುತ್ತೇನೆ. ಗಿಡಕ್ಕೆ ಎಲ್ಲಿ ರಕ್ಷಣೆ ಹೆಚ್ಚು ಬೇಕೋ ಅಲ್ಲಿ ಅದನ್ನು ಹೆಚ್ಚು ತುಂಬಿಸುತ್ತದೆ. ಎಳೆಯ ಮೊಳಕೆಯಲ್ಲಿ ಅತಿ ಹೆಚ್ಚು, ಮೊಳಕೆ ಹೊರಡುವ ಕಣ್ಣಿನ ಸುತ್ತ ಆಮೇಲೆ, ಸಿಪ್ಪೆಯಲ್ಲಿ ಮತ್ತು ಸಿಪ್ಪೆಗೆ ಅಂಟಿದ ಒಂದೆರಡು ಮಿಲಿಮೀಟರ್ ಪದರದಲ್ಲಿ ಅದರ ನಂತರ. ನಡುವಿನ ಬಿಳಿ ತಿರುಳಿನಲ್ಲಿ ತೀರ ಕಡಿಮೆ.

ಇದಕ್ಕೆ ಒಂದು ಅಳತೆ ಬೇಕಾಗುತ್ತದೆ, ಇಲ್ಲದಿದ್ದರೆ ಮಾತು ಬರೀ ಹೆದರಿಕೆಯಾಗಿ ಉಳಿಯುತ್ತದೆ. ಒಳ್ಳೆಯ ಬಟಾಟೆಯ ಒಂದು ಕಿಲೋದಲ್ಲಿ ಸಾಮಾನ್ಯವಾಗಿ 20ರಿಂದ 100 ಮಿಲಿಗ್ರಾಂ ಸೊಲಾನಿನ್ ಇರುತ್ತದೆ. ಕಿಲೋಗೆ 200 ಮಿಲಿಗ್ರಾಂ ದಾಟಿದ ಬಟಾಟೆ ತಿನ್ನಲು ತಕ್ಕದ್ದಲ್ಲ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಮಿತಿ. ಮೊಳಕೆಯಲ್ಲಿ ಮಾತ್ರ ಇದು ಕಿಲೋಗೆ 2000ರಿಂದ 4000 ಮಿಲಿಗ್ರಾಂ ವರೆಗೆ ಹೋಗುತ್ತದೆ. ಇನ್ನು ದೇಹದ ಕಡೆಯಿಂದ ನೋಡಿದರೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಕೊಟ್ಟ ವರದಿ ದೇಹತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಎಂಬ ಅಳತೆಯನ್ನು ಮುಂದಿಟ್ಟಿದೆ. ತೊಂದರೆ ಕಾಣಿಸಿಕೊಂಡ ಅತಿ ಕಡಿಮೆ ಪ್ರಮಾಣ ಅದು.

ಈ ಲೆಕ್ಕವನ್ನು ನಮ್ಮ ತಟ್ಟೆಗೆ ತರೋಣ. 50 ಕಿಲೋ ತೂಕದ ಒಬ್ಬ ವಿದ್ಯಾರ್ಥಿನಿ ಪೂರಿಯ ಜೊತೆ 200 ಗ್ರಾಂ ಬಟಾಟೆ ತಿಂದಳು ಎಂದಿಟ್ಟುಕೊಳ್ಳಿ. ಅವಳಿಗೆ 50 ಮಿಲಿಗ್ರಾಂ ಅಪಾಯದ ಗೆರೆ. ಬಟಾಟೆ ಒಳ್ಳೆಯದಿದ್ದು ಕಿಲೋಗೆ 75 ಮಿಲಿಗ್ರಾಂ ಇದ್ದರೆ ಅವಳ ಹೊಟ್ಟೆಗೆ ಹೋದದ್ದು 15 ಮಿಲಿಗ್ರಾಂ, ಗೆರೆಯಿಂದ ಬಹಳ ದೂರ. ಅದೇ ಬಾಜಿಯಲ್ಲಿ ಮೊಳಕೆಯ ತುಂಡುಗಳು 5 ಗ್ರಾಂ ಬೆರೆತಿದ್ದರೆ, ಕಿಲೋಗೆ 3000ದ ಲೆಕ್ಕದಲ್ಲಿ ಇನ್ನೊಂದು 15 ಸೇರಿ 30 ಆಯಿತು. ಚಿಟಿಕೆಯಷ್ಟು ಮೊಳಕೆ ಇಡೀ ಬಟಾಟೆಯಷ್ಟೇ ಸೊಲಾನಿನ್ ತಂದಿತು ಎಂಬುದನ್ನು ಗಮನಿಸಬೇಕು. ಇನ್ನು ಬಟಾಟೆಯೇ ಹಸಿರಾಗಿ ಕಿಲೋಗೆ 250 ಮುಟ್ಟಿದ್ದರೆ, ಮೊಳಕೆಯನ್ನು ಚಿವುಟಿ ಎಸೆದಿದ್ದರೂ ಅದೇ 200 ಗ್ರಾಮಿನಲ್ಲಿ 50 ಮಿಲಿಗ್ರಾಂ ಆಗುತ್ತದೆ. ಎರಡನೆಯ ಸಲ ಬಾಜಿ ಹಾಕಿಸಿಕೊಂಡವರು ಗೆರೆ ದಾಟಿದಂತೆಯೇ.

ಹಾಗಾಗಿ ಮೊಳಕೆ ಬಂದ ಬಟಾಟೆ ಸುರಕ್ಷಿತವೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಪದದ ಉತ್ತರ ಸಿಗದು. ಗಟ್ಟಿಯಾಗಿದ್ದು, ಎಲ್ಲೂ ಹಸಿರಿಲ್ಲದೆ, ಆಗಷ್ಟೇ ಸಣ್ಣ ಮೊಳಕೆ ಇಣುಕಿದ ಬಟಾಟೆಯನ್ನು ಮೊಳಕೆ ಮತ್ತು ಕಣ್ಣು ಕೊರೆದು ತೆಗೆದು, ಸಿಪ್ಪೆ ದಪ್ಪಗೆ ಹೆರೆದು ಧಾರಾಳವಾಗಿ ತಿನ್ನಬಹುದು. ಸುಕ್ಕುಗಟ್ಟಿ ಮೆತ್ತಗಾಗಿ ಮೈತುಂಬ ಉದ್ದುದ್ದ ಮೊಳಕೆ ಬಿಟ್ಟದ್ದನ್ನೂ, ಹಸಿರು ಒಳಗೆ ಇಳಿದದ್ದನ್ನೂ ತಿನ್ನಬಾರದು. ಬಟಾಟೆ ಇವೆರಡರಲ್ಲಿ ಯಾವ ಗುಂಪಿನದ್ದು ಎಂದು ನೋಡುವ ಕೆಲಸ ನಮ್ಮ ಅಡುಗೆಮನೆಯಲ್ಲಿ ಈಗ ಎಲ್ಲಿಯೂ ನಡೆಯುತ್ತಿಲ್ಲ. ನನ್ನ ದೂರು ಇರುವುದು ಅಲ್ಲಿ.

ಬೇಯಿಸಿದರೆ ಹೋಗುತ್ತದೆ ಎಂಬ ಮಾತಿಗೆ ಬರುತ್ತೇನೆ. ಬೇಯಿಸುವುದರಿಂದ ರೋಗಾಣು ಸಾಯುತ್ತದೆ, ನಿಜ. ಸೊಲಾನಿನ್ ಜೀವವಿಲ್ಲದ ವಸ್ತು, ಸಾಯಲು ಅಲ್ಲಿ ಏನೂ ಇಲ್ಲ. ಅದು ಒಡೆಯಬೇಕಾದರೆ 200 ಡಿಗ್ರಿ ದಾಟಿದ ಬಿಸಿ ಬೇಕು. ಕುದಿಯುವ ನೀರು 100 ಡಿಗ್ರಿ, ಕುಕ್ಕರಿನ ಒಳಗೆ ಸುಮಾರು 120, ಪೋಡಿ ಕರಿಯುವ ಎಣ್ಣೆ 170-180. ನೀರಿನಲ್ಲಿ ಅದು ಸರಿಯಾಗಿ ಕರಗುವುದೂ ಇಲ್ಲ, ಆದ್ದರಿಂದ ಬೇಯಿಸಿದ ನೀರು ಚೆಲ್ಲಿದರೂ ಹೆಚ್ಚಿನ ಪಾಲು ಬಟಾಟೆಯಲ್ಲೇ ಉಳಿಯುತ್ತದೆ. ಪೋಡಿಯ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕರಿಯುವಾಗ ಬಿಲ್ಲೆಯ ನೀರಿನಂಶ ಆರಿಹೋಗುತ್ತದೆ, ಸೊಲಾನಿನ್ ಆರುವುದಿಲ್ಲ. ತೆಳ್ಳಗೆ ಸಿಪ್ಪೆ ಸಮೇತ ಕೊಯ್ದ ಬಿಲ್ಲೆಯಲ್ಲಿ ತಿರುಳಿಗಿಂತ ಅಂಚಿನ ಪಾಲು ಹೆಚ್ಚು, ಹಾಗಾಗಿ ಒಂದೊಂದು ತುತ್ತಿಗೂ ಸಿಗುವ ಪ್ರಮಾಣ ಬಾಜಿಗಿಂತ ಜಾಸ್ತಿಯಾಗುತ್ತದೆ.

ಇಲ್ಲಿ ನಮ್ಮ ಬಾಜಿಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೋಣಿಯಿಂದ ಬುಟ್ಟಿಗೆ ಸುರಿದ ಬಟಾಟೆಯನ್ನು ಮಣ್ಣು ಹೋಗುವಷ್ಟು ತೊಳೆದು, ಸಿಪ್ಪೆ ಸಮೇತ ದೊಡ್ಡ ಪಾತ್ರೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ತಣ್ಣೀರು ಹಾಕಿ ಕೈಯಲ್ಲಿ ಸಿಪ್ಪೆ ಸುಲಿಯುತ್ತಾರೆ, ಆಮೇಲೆ ಹಿಸುಕಿ ಒಗ್ಗರಣೆಗೆ ಹಾಕುತ್ತಾರೆ. ಬೇಗ ಆಗುತ್ತದೆ, ಬಟಾಟೆಯೂ ಹಾಳಾಗುವುದಿಲ್ಲ, ಒಳ್ಳೆಯ ಬಟಾಟೆಗೆ ಇದೇ ಸರಿಯಾದ ಕ್ರಮ. ಆದರೆ ಮೊಳಕೆ ಬಂದ ಬಟಾಟೆಗೆ ಇದು ಎಲ್ಲ ರೀತಿಯಿಂದಲೂ ಕೆಟ್ಟ ಕ್ರಮ. ಬೆಂದ ಬಟಾಟೆಯಿಂದ ಬೆರಳಿಗೆ ಬರುವುದು ಕಾಗದದಷ್ಟು ತೆಳು ಹೊರಸಿಪ್ಪೆ ಮಾತ್ರ. ಸೊಲಾನಿನ್ ಕೂತಿರುವ ಒಂದೆರಡು ಮಿಲಿಮೀಟರ್ ಪದರ ಹಾಗೆಯೇ ತಿರುಳಿಗೆ ಅಂಟಿ ಉಳಿಯುತ್ತದೆ. ಕಣ್ಣು ಉಳಿಯುತ್ತದೆ. ಮೊಳಕೆ ಬೆಂದು ಮೆತ್ತಗಾಗಿ ತುಂಡಾಗಿ ತಿರುಳಿನಲ್ಲೇ ಹುದುಗುತ್ತದೆ. ಹಸಿರು ಬಣ್ಣ ಬೆಂದಾಗ ಮಾಸುತ್ತದೆ, ಅರಸಿನ ಬಿದ್ದ ಮೇಲಂತೂ ಯಾರ ಕಣ್ಣಿಗೂ ಕಾಣದು. ಕಹಿಯನ್ನು ಹಸಿಮೆಣಸು, ನೀರುಳ್ಳಿ, ಶುಂಠಿ ಮುಚ್ಚಿಬಿಡುತ್ತವೆ, ಸಾಂಬಾರಿನಲ್ಲಿ ಹುಣಸೆಹುಳಿ ಮತ್ತು ಹುರಿದ ಕೊತ್ತಂಬರಿ ಅದೇ ಕೆಲಸ ಮಾಡುತ್ತವೆ. ಒಮ್ಮೆ ಪಾತ್ರೆ ಒಲೆಗೆ ಏರಿತೆಂದರೆ ಕೆಟ್ಟ ಬಟಾಟೆಯನ್ನು ಗುರುತಿಸುವ ಎಲ್ಲ ದಾರಿಗಳೂ ಮುಚ್ಚಿದವು. ಆದ್ದರಿಂದ ಆರಿಸುವುದು, ಕಣ್ಣು ಕೊರೆಯುವುದು, ಹೆರೆಯುವುದು ಎಲ್ಲವೂ ಹಸಿಯಾಗಿರುವಾಗಲೇ ಆಗಬೇಕು.

ಶಾಲೆ, ಹಾಸ್ಟೆಲುಗಳ ಅಡುಗೆಮನೆಗೆ ಇದು ಹೊಸ ವಿಷಯವೂ ಅಲ್ಲ. ಹಿಂದೊಮ್ಮೆ ಆಗ್ನೇಯ ಲಂಡನಿನ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 78 ಹುಡುಗರಿಗೆ ವಾಂತಿ ಭೇದಿ ಶುರುವಾಯಿತು, ಅವರಲ್ಲಿ 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಲವರಿಗೆ ಬುದ್ಧಿ ಗೊಂದಲವಾಗಿತ್ತು. ಎಲ್ಲರೂ ಗುಣವಾದರು. ಹುಡುಕಿದಾಗ ಸಂದೇಹ ಬಂದು ನಿಂತದ್ದು ಬೇಸಿಗೆ ರಜೆಗೆ ಮೊದಲು ತಂದು, ರಜೆಯುದ್ದಕ್ಕೂ ಉಳಿದು, ಶಾಲೆ ತೆರೆದಾಗ ಬಳಸಿದ ಒಂದು ಚೀಲ ಬಟಾಟೆಯ ಮೇಲೆ. ವೈದ್ಯರು 1979ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಸೊಲಾನಿನ್ ಬಗ್ಗೆ ಬರೆಯುವವರೆಲ್ಲ ಈ ಪ್ರಕರಣವನ್ನು ಎತ್ತಿಕೊಳ್ಳುತ್ತಾರೆ. ಆ ಬಟಾಟೆಯನ್ನೂ ಬೇಯಿಸಿಯೇ ಬಡಿಸಿದ್ದರು. ರಜೆ, ಉಳಿದ ಚೀಲ, ಮತ್ತೆ ತೆರೆದ ದಿನದ ಅವಸರ ಇವು ಮೂರೂ ನಮ್ಮಲ್ಲಿ ಈ ಓಣಂ ಸಮಯದಲ್ಲಿ ಇದ್ದವು. ನಮ್ಮದು ಅಂಥ ಅನಾಹುತವಾಗಲಿಲ್ಲ ಎಂಬುದು ಸಮಾಧಾನ. ಆ ಸೋಮವಾರ ಒಂದಿಬ್ಬರಿಗೆ ಹೊಟ್ಟೆ ತೊಳಸಿದ್ದು ನಿಜ, ಆದರೆ ಅದಕ್ಕೆ ಬಟಾಟೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಊರಿನಿಂದ ರೈಲಿನಲ್ಲಿ ಬಂದವರಿಗೆ ಹೊಟ್ಟೆ ಕೆಡಲು ಬೇರೆ ಕಾರಣಗಳೂ ಇರುತ್ತವೆ. ಸೊಲಾನಿನ್ ತೊಂದರೆಯಲ್ಲಿ ವಾಕರಿಕೆ, ಹೊಟ್ಟೆ ಹಿಂಡುವುದು, ವಾಂತಿ ಭೇದಿ, ತಲೆನೋವು ಕಾಣುತ್ತವೆ. ತಿಂದ ಅರ್ಧ ಗಂಟೆಯಿಂದ ಹಿಡಿದು ಹತ್ತು ಹದಿನೈದು ಗಂಟೆಯ ನಂತರವೂ ಶುರುವಾಗಬಹುದು. ಹಳಸಿದ ಅನ್ನದಿಂದಾದ ತೊಂದರೆಯೂ ಹೊರಗಿನಿಂದ ಹೀಗೆಯೇ ಕಾಣುವುದರಿಂದ ಬಹಳ ಸಲ ಬಟಾಟೆಯ ಮೇಲೆ ಯಾರಿಗೂ ಸಂಶಯವೇ ಬರುವುದಿಲ್ಲ.

ನಮ್ಮ ಗೋಣಿ ಯಾಕೆ ಇಷ್ಟು ಬೇಗ ಮೊಳಕೆ ಒಡೆಯಿತು ಎಂಬುದನ್ನೂ ಸಮಿತಿ ತಿಳಿದುಕೊಂಡರೆ ಖರೀದಿಯಲ್ಲಿ ಅನುಕೂಲ. ಉತ್ತರ ಭಾರತದ ಬಟಾಟೆ ಮುಖ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ ಕೀಳುವ ಬೆಳೆ. ಕಿತ್ತ ಮೇಲೆ ಬಟಾಟೆ ಎರಡು ಮೂರು ತಿಂಗಳು ನಿದ್ದೆಯಲ್ಲಿರುತ್ತದೆ, ಆಗ ಮೊಳಕೆ ಬರುವುದಿಲ್ಲ. ಆಮೇಲೆ ಅದನ್ನು ಮಲಗಿಸಿ ಇಡುವುದು ಶೈತ್ಯಾಗಾರದ ಚಳಿ ಮಾತ್ರ. ಆಗಸ್ಟ್ ಸೆಪ್ಟೆಂಬರಿನಲ್ಲಿ ಅಲ್ಲಿಂದ ಹೊರಗೆ ಬಂದ ಬಟಾಟೆಯ ನಿದ್ದೆಯ ಕಾಲ ಎಂದೋ ಮುಗಿದಿರುತ್ತದೆ. ಕಾಸರಗೋಡಿನ ಮಳೆಗಾಲದ ಬಿಸಿ ಮತ್ತು ತೇವ ತಗಲಿದರೆ ಸಾಕು, ಒಂದೆರಡು ವಾರದಲ್ಲಿ ಕಣ್ಣುಗಳು ಎದ್ದೇಳುತ್ತವೆ. ಅದೇ ಸಮಯಕ್ಕೆ ಹಾಸನದ ಕಡೆಯ ಮಳೆಗಾಲದ ಬೆಳೆ ಹೊಸದಾಗಿ ಬರುತ್ತದೆ. ಅದರ ನಿದ್ದೆ ಮುಗಿದಿರುವುದಿಲ್ಲ, ಮೊಳಕೆಯ ಭಯ ಕಡಿಮೆ. ಆದರೆ ಸಿಪ್ಪೆ ತೆಳು, ಒದ್ದೆಯಿದ್ದರೆ ಬೇಗ ಕೊಳೆಯುತ್ತದೆ. ಹೆಬ್ಬೆರಳಿನಿಂದ ಉಜ್ಜಿದಾಗ ಸಿಪ್ಪೆ ಸುಲಿದು ಬಂದರೆ ಹೊಸ ಬೆಳೆ, ಬರದೆ ಗಟ್ಟಿಯಾಗಿ ಕೂತಿದ್ದರೆ ಹಳೆಯದು ಎಂದು ಅಂಗಡಿಯಲ್ಲೇ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಹಸಿರಿನ ಕಾರಣ ನಮ್ಮ ಉಗ್ರಾಣದಲ್ಲೇ ಇದೆ. ಗೋಣಿ ಇಟ್ಟ ಮೂಲೆಯ ಮೇಲೆ ಮಾಡಿನಲ್ಲಿ ಒಂದು ಗಾಜಿನ ಹಂಚು ಇದೆ. ಮಧ್ಯಾಹ್ನ ಅದರ ಬೆಳಕು ಚೌಕಾಕಾರವಾಗಿ ನೇರ ಗೋಣಿಯ ಬಾಯಿಗೆ ಬೀಳುತ್ತದೆ. ಮೇಲಿನ ಪದರದ ಬಟಾಟೆಗಳನ್ನು ಎತ್ತಿ ನೋಡಿದರೆ ಬೆಳಕು ಬಿದ್ದ ಮಗ್ಗುಲು ಹಸಿರು, ಕೆಳಗಿನ ಮಗ್ಗುಲು ಮಾಮೂಲಿ ಕಂದು. ಗೋಣಿಯೊಳಗೆ ಕೈ ಹಾಕಿ ಅಡಿಯಿಂದ ತೆಗೆದವುಗಳಲ್ಲಿ ಹಸಿರು ಇರಲಿಲ್ಲ. ಬೆಳಕು ಬಿದ್ದಾಗ ಬಟಾಟೆ ಎಲೆಯಂತೆ ಪತ್ರಹರಿತ್ತು ತಯಾರಿಸುತ್ತದೆ, ಹಸಿರು ಬರುವುದು ಅದರಿಂದ. ಪತ್ರಹರಿತ್ತಿನಿಂದ ನಮಗೆ ಏನೂ ಹಾನಿಯಿಲ್ಲ, ಹರಿವೆ ಸೊಪ್ಪಿನಲ್ಲಿರುವುದೂ ಅದೇ. ಆದರೆ ಅದೇ ಬೆಳಕು ಬೇರೆ ದಾರಿಯಿಂದ ಸೊಲಾನಿನ್ನನ್ನೂ ಹೆಚ್ಚಿಸುತ್ತದೆ. ಹಸಿರನ್ನು ನಾವು ಒಂದು ಎಚ್ಚರಿಕೆಯ ಬಾವುಟ ಎಂದು ಓದಬೇಕು. ಈ ಬಾವುಟ ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ: ಪೆಟ್ಟು ಬಿದ್ದ, ಗುದ್ದಲಿ ತಾಗಿದ ಬಟಾಟೆಯಲ್ಲಿ ಹಸಿರಿಲ್ಲದೆಯೂ ಸೊಲಾನಿನ್ ಏರಿರಬಹುದು, ಕೆಂಪು ಸಿಪ್ಪೆಯ ತಳಿಯಲ್ಲಿ ಹಸಿರು ಹೊರಗೆ ಕಾಣುವುದೇ ಇಲ್ಲ. ಅಂಥಲ್ಲಿ ಉಗುರಿನಿಂದ ಸಿಪ್ಪೆ ಕೆರೆದು ಕೆಳಗಿನ ಪದರ ನೋಡಬೇಕು. ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟೂ ಇದೇ ಕೆಲಸ ಮಾಡುತ್ತದೆ, ಬಿಸಿಲೇ ಬೇಕೆಂದಿಲ್ಲ.

ಇಷ್ಟರ ಮೇಲೆ ಸಮಿತಿಯಲ್ಲಿ ನನ್ನ ಕೋರಿಕೆಗಳನ್ನು ಇಡುತ್ತೇನೆ.

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಬಟಾಟೆಯನ್ನು ಆರಿಸುವ ಕೆಲಸ ಹಿಂದಿನ ದಿನ ಸಂಜೆ ಐದರ ಒಳಗೆ, ಹೊರಗಿನ ಜಗಲಿಯಲ್ಲಿ, ಹಗಲು ಬೆಳಕಿನಲ್ಲಿ ಆಗಬೇಕು. ಬೆಳಗ್ಗಿನ ಜಾವದ ಹಳದಿ ಬಲ್ಬಿನಲ್ಲಿ ಹಸಿರು ಗೊತ್ತಾಗುವುದಿಲ್ಲ. ಪ್ರತಿ ಬಟಾಟೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಸಾಕು. ಗಟ್ಟಿಯಿದ್ದು ಮೊಳಕೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಇಟ್ಟುಕೊಳ್ಳಬಹುದು. ಈ ಒಂದು ಸೆಂಟಿಮೀಟರ್ ನಾನು ಅಡುಗೆಮನೆಯ ಅನುಕೂಲಕ್ಕಾಗಿ ಹಾಕಿದ ಗೆರೆ. ಬೆರಳು ಒತ್ತಿದಲ್ಲಿ ತಗ್ಗು ಬಿದ್ದರೆ, ಮೈ ಸುಕ್ಕಾಗಿದ್ದರೆ, ಹೋಳು ಮಾಡಿದಾಗ ಹಸಿರು ಸಿಪ್ಪೆಯಿಂದ ಒಳಕ್ಕೆ ಇಳಿದಿದ್ದರೆ ಬಿಸಾಡಬೇಕು. ಅಂಗೈಯ ಒಂದು ಮೂಲೆಯಷ್ಟು ಮಾತ್ರ ತಿಳಿ ಹಸಿರಿದ್ದರೆ ಆ ಭಾಗವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಕೊಯ್ದು ತೆಗೆದು ಉಳಿದದ್ದನ್ನು ಬಳಸಬಹುದು. ಮೊಳಕೆಯನ್ನು ಕೈಯಲ್ಲಿ ಚಿವುಟಿದರೆ ಬುಡ ಒಳಗೇ ಉಳಿಯುತ್ತದೆ. ಪೀಶಕತ್ತಿಯ ಮೊನೆಯನ್ನು ಓರೆಯಾಗಿ ಇಳಿಸಿ ಒಂದು ಸುತ್ತು ತಿರುಗಿಸಿದರೆ ಕಣ್ಣು ಕೊಳವೆಯಾಕಾರದಲ್ಲಿ ಬುಡ ಸಮೇತ ಕಳಚಿಕೊಳ್ಳುತ್ತದೆ. ಮೆಟ್ಟುಕತ್ತಿಯಲ್ಲಿ ಈ ಕೆಲಸ ಆಗುವುದಿಲ್ಲ, ಆದ್ದರಿಂದ ನಾಲ್ಕು ಸಣ್ಣ ಚೂರಿಗಳನ್ನು ತರಿಸಿಕೊಡಬೇಕು.

ಮೊಳಕೆ ಬಂದ ಗೋಣಿಯಿಂದ ಬಾಜಿ ಮಾಡುವ ದಿನ ಸಿಪ್ಪೆಯನ್ನು ಹಸಿಯಾಗಿರುವಾಗಲೇ ಎರಡು ಮಿಲಿಮೀಟರ್ ದಪ್ಪಕ್ಕೆ ಹೆರೆದು ಆಮೇಲೆ ಬೇಯಿಸಬೇಕು. ಇದರಿಂದ ಒಳ್ಳೆಯ ಬಟಾಟೆಯ ಸೊಲಾನಿನ್ನಿನ ಬಹುಪಾಲು ಸಿಪ್ಪೆಯೊಂದಿಗೆ ಹೋಗುತ್ತದೆ. ಆದರೆ ಹೆರೆಯುವುದು ಹಸಿರು ಬಟಾಟೆಗೆ ಪರಿಹಾರವಾಗದು, ಯಾಕೆಂದರೆ ಪ್ರಮಾಣ ಏರಿದಾಗ ಅದು ತಿರುಳಿಗೂ ಇಳಿದಿರುತ್ತದೆ. ಸಿಪ್ಪೆ ಸಮೇತ ಹೋಳು ಹಾಕುವ ಸಾಂಬಾರು ಮತ್ತು ಸಿಪ್ಪೆ ಸಮೇತ ಕರಿಯುವ ಪೋಡಿಯನ್ನು ಹೊಸ ಗೋಣಿ ತೆರೆದ ವಾರಕ್ಕೆ ಮಾತ್ರ ಇಟ್ಟುಕೊಳ್ಳಿ.

ಇನ್ನು ದಾಸ್ತಾನು. ಗಾಜಿನ ಹಂಚಿನ ಕೆಳಗಿನ ಮೂಲೆಯಿಂದ ಗೋಣಿಯನ್ನು ಇವತ್ತೇ ಸರಿಸಬಹುದು, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಗಾಳಿ ಆಡುವ ಕತ್ತಲೆಯ ಜಾಗದಲ್ಲಿ ಗೋಣಿಚೀಲದಲ್ಲೇ ಇಟ್ಟು, ಬಾಯಿಯನ್ನು ಇನ್ನೊಂದು ಗೋಣಿಯಿಂದ ಮುಚ್ಚಿದರೆ ಸಾಕು. ಪ್ಲಾಸ್ಟಿಕ್ ಹಾಸಿ ಮುಚ್ಚಬಾರದು, ಬಟಾಟೆ ಬೆವತು ಕೊಳೆಯುತ್ತದೆ. ನೀರುಳ್ಳಿಯ ರಾಶಿ ಬೇರೆ ಕಡೆ ಇರಲಿ, ಅವೆರಡನ್ನೂ ಒಟ್ಟಿಗೆ ಇಟ್ಟರೆ ಎರಡೂ ಬೇಗ ಹಾಳಾಗುತ್ತವೆ. ಫ್ರಿಜ್ಜಿನಲ್ಲಿ ಇಟ್ಟರೆ ಆಗದೇ ಎಂದು ಕೇಳಬಹುದು. ಮೊಳಕೆ ತಡವಾಗುವುದು ನಿಜ, ಆದರೆ ಆ ಚಳಿಯಲ್ಲಿ ಪಿಷ್ಟ ಸಕ್ಕರೆಯಾಗಿ ಬಾಜಿ ಸಿಹಿಯಾಗುತ್ತದೆ, ಪೋಡಿ ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ. ನಮಗೆ ಇರುವ ಒಂದು ಫ್ರಿಜ್ಜಿನಲ್ಲಿ ಹಾಲು ಮೊಸರಿಗೇ ಜಾಗ ಸಾಲದು.

ಖರೀದಿಯನ್ನು ತಿಂಗಳಿಗೊಮ್ಮೆ ಮಾಡುವ ಬದಲು ಮಳೆಗಾಲದಲ್ಲಾದರೂ ಹತ್ತು ದಿನಕ್ಕೊಮ್ಮೆ ಮಾಡಬೇಕು. ಗೋಣಿಯ ಮೇಲೆ ತಂದ ತಾರೀಕನ್ನು ಸೀಮೆಸುಣ್ಣದಲ್ಲಿ ಬರೆಯಬೇಕು. ರಜೆಗೆ ಹಾಸ್ಟೆಲ್ ಮುಚ್ಚುವ ವಾರದಲ್ಲಿ ಹೊಸ ಗೋಣಿ ತರಬಾರದು, ಉಳಿದದ್ದನ್ನು ಆ ವಾರವೇ ಖರ್ಚು ಮಾಡಬೇಕು ಅಥವಾ ಸಿಬ್ಬಂದಿಗೆ ಹಂಚಿಬಿಡಬೇಕು. ಕ್ರಿಸ್ಮಸ್ ರಜೆ ಮುಂದಿದೆ, ಅದಕ್ಕೆ ಮೊದಲು ಈ ಒಂದು ತೀರ್ಮಾನವಾದರೂ ಆಗಲಿ.

ಬಿಸಾಡಿದರೆ ನಷ್ಟ ಎಂಬ ಮಾತು ಬರುತ್ತದೆ ಎಂದು ಬಲ್ಲೆ. ಮೆಸ್ ಬಿಲ್ ಕಟ್ಟುವವರು ನಾವೇ ಆದ್ದರಿಂದ ಆ ಲೆಕ್ಕವನ್ನೂ ಹಾಕೋಣ. 50 ಕಿಲೋದ ಗೋಣಿಯಲ್ಲಿ 5 ಕಿಲೋ ಹೋಯಿತು, ಕಿಲೋಗೆ 40 ರೂಪಾಯಿ ಎಂದಿಟ್ಟುಕೊಂಡರೆ 200 ರೂಪಾಯಿ. 120 ಜನರಿಗೆ ಹಂಚಿದರೆ ತಲೆಗೆ ಎರಡು ರೂಪಾಯಿಯೂ ಬೀಳುವುದಿಲ್ಲ. ಬಿಸಾಡಿದ ಹಸಿರು ಬಟಾಟೆ, ಮೊಳಕೆ, ಸಿಪ್ಪೆಗಳನ್ನು ದನದ ಅಕ್ಕಚ್ಚಿನ ಬಾಲ್ದಿಗೆ ಹಾಕಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಪಕ್ಕದ ಮನೆಯವರು ದಿನವೂ ನಮ್ಮ ಮೆಸ್ಸಿನ ಅಕ್ಕಚ್ಚು ಕೊಂಡೊಯ್ಯುತ್ತಾರೆ, ಸೊಲಾನಿನ್ ದನಕರುಗಳಿಗೂ ವಿಷವೇ. ತೆಂಗಿನ ಬುಡದ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ಸರಿ.

ಇದನ್ನೆಲ್ಲ ಅಡುಗೆಮನೆಯಲ್ಲಿ ಒಂದು ಹಾಳೆಯಲ್ಲಿ ಬರೆದು ಅಂಟಿಸುವುದಾದರೆ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆಯಿಸಬೇಕು. ತರಕಾರಿ ಕೊಯ್ಯುವ ಮೂವರು ಅಕ್ಕಂದಿರಲ್ಲಿ ಇಬ್ಬರು ಓದುವುದು ಮಲಯಾಳ. ಅಕ್ಷರಕ್ಕಿಂತಲೂ ನಾಲ್ಕು ಬಟಾಟೆಗಳನ್ನು, ಇಟ್ಟುಕೊಳ್ಳುವಂಥವು ಎರಡು, ಬಿಸಾಡುವಂಥವು ಎರಡು, ಮೇಜಿನ ಮೇಲೆ ಇಟ್ಟು ಒಮ್ಮೆ ತೋರಿಸಿಕೊಟ್ಟರೆ ಅವರು ನಮಗಿಂತ ಚೆನ್ನಾಗಿ ಆರಿಸುತ್ತಾರೆ. ಸಮಿತಿ ಒಪ್ಪಿದರೆ ಬರುವ ಶನಿವಾರ ಸಂಜೆ ನಾನೇ ಬಂದು ತೋರಿಸಿಕೊಡುತ್ತೇನೆ.

ತಿನ್ನುವವರಿಗೂ ಒಂದು ಮಾತು. ತುತ್ತಿನಲ್ಲಿ ಕಹಿ ತಗಲಿದರೆ, ನುಂಗಿದ ಮೇಲೆ ಗಂಟಲಲ್ಲಿ ಉರಿ ಉಳಿದರೆ ಅದನ್ನು ಮೆಣಸಿನ ಖಾರ ಎಂದುಕೊಂಡು ಮುಗಿಸಬೇಡಿ, ಅಲ್ಲಿಗೇ ಬಿಟ್ಟು ಬಡಿಸುವವರಿಗೆ ಹೇಳಿ. ಯಾರಿಗಾದರೂ ವಾಂತಿ ಭೇದಿ ಆದರೆ ಓಆರ್‌ಎಸ್ ನೀರು ಕುಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಬಟಾಟೆ ತಿಂದ ವಿಷಯವನ್ನು ಮರೆಯದೆ ಹೇಳಬೇಕು. ಇದಕ್ಕೆ ಪ್ರತ್ಯೇಕ ಮದ್ದಿಲ್ಲ, ದೇಹದಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಆ ದಿನದ ಪದಾರ್ಥದಲ್ಲಿ ಒಂದು ಬಟ್ಟಲಿನಷ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿ ಒಂದು ದಿನ ತೆಗೆದಿಡುವ ರೂಢಿಯನ್ನು ಮೆಸ್ ಈಗಿನಿಂದಲೇ ಶುರು ಮಾಡಿದರೆ, ಮುಂದೆ ಯಾವ ತೊಂದರೆಯಾದರೂ ಊಹೆಯ ಬದಲು ಪರೀಕ್ಷೆಗೆ ಕೊಡಲು ಒಂದು ವಸ್ತು ಇರುತ್ತದೆ.

ಉಗ್ರಾಣದಲ್ಲಿ ಆ ಗೋಣಿಯ ಅಡಿಯಲ್ಲಿ ಇನ್ನೂ ಎಂಟು ಹತ್ತು ಕಿಲೋ ಬಟಾಟೆ ಉಳಿದಿದೆ. ಮುಂದಿನ ಸೋಮವಾರ ಮತ್ತೆ ಪೂರಿ ಬಾಜಿ ಎಂದು ಬೋರ್ಡಿನಲ್ಲಿ ಬರೆದಿದ್ದೀರಿ. ಆ ಉಳಿದ ಬಟಾಟೆಯನ್ನು ಸಮಿತಿಯ ಒಬ್ಬರು ಸದಸ್ಯರ ಎದುರಿನಲ್ಲಿ, ಹಗಲು ಬೆಳಕಿನಲ್ಲಿ ಸುರಿದು ಆರಿಸಿದ ಮೇಲೆಯೇ ಒಲೆಗೆ ಏರಿಸಬೇಕು ಎಂಬುದು ನನ್ನ ತುರ್ತು ವಿನಂತಿ. ಉಳಿದ ಕೋರಿಕೆಗಳ ಬಗ್ಗೆ ಸಮಿತಿಯ ತೀರ್ಮಾನವನ್ನು ಊಟದ ಕೋಣೆಯ ಬೋರ್ಡಿನಲ್ಲಿ ಲಿಖಿತವಾಗಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಆಹಾರ ವಿಜ್ಞಾನದ ವಿದ್ಯಾರ್ಥಿನಿ, ಹಾಸ್ಟೆಲ್ ನಿವಾಸಿ
ಕಾಸರಗೋಡು